ತಿಂಗಳಿಗೆ ಆರು ಗಂಟೆ ಓಡುವ ಯಂತ್ರ

ಚಾಂದ್‌ಖೇಡಾದಲ್ಲಿ ಕನ್ನಡದವರು ಇದ್ದಾರೆ ಎಂದರೆ ಊರ ಕಡೆಯವರು ನಂಬುವುದಿಲ್ಲ. ಓಎನ್‌ಜಿಸಿಗೆ ವರ್ಗವಾಗಿ ಬಂದವರು, ಆಮೇಲೆ ನಮ್ಮಂಥ ಖಾಸಗಿ ಕಂಪನಿಯವರು, ಈಗೀಗ ಗಾಂಧಿನಗರದ ಕಡೆ ಓದಲು ಬಂದ ಹುಡುಗರು, ಎಲ್ಲ ಸೇರಿಸಿದರೆ ಒಂದು ಗಣೇಶನ ಹಬ್ಬಕ್ಕೆ ಸಾಕಾಗುವಷ್ಟು ಜನ ಆಗುತ್ತೇವೆ. ಇಲ್ಲಿನ ಕಿರಾಣಿ ಅಂಗಡಿಯಲ್ಲಿ ಸಿಗುವ ಸಾಂಬಾರ್ ಮಸಾಲೆಯಲ್ಲಿ ನಮ್ಮ ಸಾರು ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ನನ್ನ ಹೆಂಡತಿ ಮೊದಲು ಎರಡು ಕಿಲೋ ಪುಡಿ ಮಾಡಿ ಅಕ್ಕಪಕ್ಕದವರಿಗೆ ಹಂಚಿದಳು. ಅದು ಏಳು ವರ್ಷದ ಹಿಂದಿನ ಮಾತು. ಕಳೆದ ದೀಪಾವಳಿಯ ಹೊತ್ತಿಗೆ ಅದು ತಿಂಗಳಿಗೆ ಒಂಬತ್ತು ಸಾವಿರ ಪೊಟ್ಟಣಕ್ಕೆ ಬಂದಿತ್ತು. ನೂರು ಗ್ರಾಂನ ಪೊಟ್ಟಣ, ನಾಲ್ಕು ಬಗೆ: ಸಾಂಬಾರ್ ಪುಡಿ ನಾಲ್ಕು ಸಾವಿರ, ಸಾರಿನ ಪುಡಿ ಮೂರು ಸಾವಿರ, ಬಿಸಿಬೇಳೆಬಾತ್ ಪುಡಿ ಸಾವಿರದ ಇನ್ನೂರು, ಶೇಂಗಾ ಚಟ್ನಿಪುಡಿ ಎಂಟುನೂರು. ಕೊಳ್ಳುವವರಲ್ಲಿ ಈಗ ಕನ್ನಡದವರೇ ಕಡಿಮೆ. ಗುಜರಾತಿ ಮನೆಗಳಲ್ಲಿ ಇಡ್ಲಿ ಸಾಂಬಾರ್ ಮಾಡುವ ಭಾನುವಾರಗಳು ಹೆಚ್ಚಾಗಿವೆ, ನಮ್ಮ ಪುಡಿಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದರಿಂದ ಜೈನರೂ ಕೊಳ್ಳುತ್ತಾರೆ.

ದೀಪಾವಳಿಯ ವಾರ ಅವಳು ಒಂದು ಕೊಟೇಶನ್ ತಂದು ನನ್ನ ಮುಂದಿಟ್ಟಳು. ಕಾಠ್‌ವಾಡಾ ಜಿಐಡಿಸಿಯ ಒಂದು ಕಾರ್ಖಾನೆಯದು. ತಾನೇ ಪೌಚ್ ಮಾಡಿ, ತಾನೇ ತೂಗಿ, ತಾನೇ ತುಂಬಿ ಮುಚ್ಚುವ ಯಂತ್ರ, 5 ಲಕ್ಷ 20 ಸಾವಿರ. ಗಾಳಿ ಒತ್ತುವ ಕಂಪ್ರೆಸರ್‌ಗೆ ಇನ್ನೂ 40 ಸಾವಿರ. ಜಿಎಸ್‌ಟಿ ಬೇರೆ, ಅದನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು.

"ರೀ, ನಿಮಿಷಕ್ಕೆ ನಲವತ್ತು ಪೊಟ್ಟಣ ಅಂತೆ. ನಮ್ಮ ಮೂರು ಜನ ಒಂದು ಗಂಟೆಗೆ ತೊಂಬತ್ತು ಮಾಡ್ತಾರೆ" ಎಂದಳು.

ದುಡ್ಡು ಅವಳದು. ಹಾಸನದಲ್ಲಿ ಅವಳ ಅಪ್ಪ ಕೊಟ್ಟಿದ್ದ ಸೈಟು ಮಾರಿ ಬಂದದ್ದು ಬ್ಯಾಂಕಿನಲ್ಲಿತ್ತು. ನಾನು ಒಂದು ಪಂಪ್ ಕಂಪನಿಯಲ್ಲಿ ವೆಚ್ಚದ ಲೆಕ್ಕ ನೋಡುವವನು. ಒಂದು ಭಾಗವನ್ನು ನಾವೇ ಮಾಡಬೇಕೋ ಹೊರಗೆ ಮಾಡಿಸಬೇಕೋ ಎನ್ನುವ ಕಾಗದ ವಾರಕ್ಕೊಂದಾದರೂ ನನ್ನ ಮೇಜಿನ ಮೇಲೆ ಬರುತ್ತದೆ. ಅಲ್ಲಿ ದುಡ್ಡು ಯಾರದೋ. ಇಲ್ಲಿ ಸೈಟು ಮಾವನವರದು. ಜೊತೆಗೆ, ತಕ್ಕಡಿಯ ಮುಂದೆ ಕೂತು ಪುಡಿ ತುಂಬುವ ಮೂರು ಹೆಂಗಸರು. ತಿಂಗಳಿಗೆ ನೂರು ಗಂಟೆ, ಗಂಟೆಗೆ ಅರವತ್ತು ರೂಪಾಯಿ. ಅವರಲ್ಲಿ ಹಿರಿಯಳನ್ನು ನಾವೆಲ್ಲ ಮಾಸಿ ಎನ್ನುತ್ತೇವೆ. ಅವಳ ಮನೆಯ ಬಾಡಿಗೆ ಈ ಆರು ಸಾವಿರದಲ್ಲೇ ಹೋಗುತ್ತದೆ.

ಕೈಯಲ್ಲಿ ತುಂಬಿದರೆ ಒಂದು ಪೊಟ್ಟಣಕ್ಕೆ ಏನು ಬೀಳುತ್ತಿದೆ ಎಂಬುದನ್ನು ಮೊದಲು ಬರೆದೆ. ಕೂಲಿ ಎರಡು ರೂಪಾಯಿ. ಮೊದಲೇ ಮಾಡಿಟ್ಟ, ನಿಲ್ಲುವ ಪೌಚ್ ಒಂದಕ್ಕೆ 2.60. ಸ್ಟಿಕರ್ 40 ಪೈಸೆ. ಒಟ್ಟು ಐದು ರೂಪಾಯಿ, ಪುಡಿಯ ಬೆಲೆ ಬಿಟ್ಟು. ಅಂದರೆ ಕೂಲಿಗಿಂತ ಖಾಲಿ ಪೌಚ್ ದುಬಾರಿ. ಯಂತ್ರ ಉಳಿಸುವುದು ಕೂಲಿಯನ್ನು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಮಾರುವವರೂ ಹಾಗೇ ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಮೊದಲು ಉಳಿಸುವುದು ಪೌಚಿನ ದುಡ್ಡನ್ನು. ಯಂತ್ರಕ್ಕೆ ಬೇಕಾದದ್ದು ಸೀರೆಯ ಥಾನಿನಂತೆ ಸುತ್ತಿದ ಫಿಲ್ಮಿನ ರೋಲ್. ಆ ಫಿಲ್ಮು ಕಾಲರ್ ಎನ್ನುವ ಕೊರಳುಪಟ್ಟಿಯಂಥ ಭಾಗದ ಮೇಲೆ ಹಾದು ಕೊಳವೆಯಾಗುತ್ತದೆ, ಬೆನ್ನಿನ ಹೊಲಿಗೆ ಬಿಸಿಯಲ್ಲಿ ಅಂಟುತ್ತದೆ, ಕೆಳಗಿನ ದವಡೆ ಅಡ್ಡಕ್ಕೆ ಮುಚ್ಚಿ ಕತ್ತರಿಸುತ್ತದೆ. ಮೇಲಿನ ಹಾಪರ್‌ನಲ್ಲಿ ಆಗರ್ ಎಂಬ ಉದ್ದನೆಯ ಸ್ಕ್ರೂ ಇರುತ್ತದೆ. ಅದು ಇಷ್ಟು ಸುತ್ತು ತಿರುಗಿದರೆ ಇಷ್ಟು ಪುಡಿ ಬೀಳುತ್ತದೆ ಎಂಬುದೇ ಅದರ ತೂಕ. ತಕ್ಕಡಿ ಇಲ್ಲವೇ ಇಲ್ಲ. ಈ ರೋಲಿನಲ್ಲಿ ನೂರು ಗ್ರಾಂ ಪೊಟ್ಟಣಕ್ಕೆ ಸುಮಾರು 3.7 ಗ್ರಾಂ ಫಿಲ್ಮು ಬೇಕು. ಕಿಲೋಗೆ 300 ರೂಪಾಯಿ ಎಂದರೆ 1.11. ಪೌಚ್ 2.60, ರೋಲ್ 1.11.

ಡಿಸೆಂಬರ್‌ನಲ್ಲಿ ಒಂದು ಶನಿವಾರ ಕಾಠ್‌ವಾಡಾಕ್ಕೆ ಹೋದೆವು. ಹೋಗುವಾಗ ಡಿಕ್ಕಿಯಲ್ಲಿ ಇಪ್ಪತ್ತು ಕಿಲೋ ಸಾರಿನ ಪುಡಿ, ಇಪ್ಪತ್ತು ಕಿಲೋ ಶೇಂಗಾ ಚಟ್ನಿಪುಡಿ. ಇಂಥ ಯಂತ್ರ ನೋಡಲು ಹೋಗುವ ಯಾರಿಗಾದರೂ ನಾನು ಹೇಳುವುದು ಒಂದೇ: ನಿಮ್ಮ ಪುಡಿಯನ್ನೇ ತೆಗೆದುಕೊಂಡು ಹೋಗಿ. ಅಲ್ಲಿ ತೋರಿಸಲು ಇಟ್ಟಿರುವುದು ಉಪ್ಪು ಅಥವಾ ಅರಿಶಿನ. ಉಪ್ಪು ನೀರಿನಂತೆ ಇಳಿಯುತ್ತದೆ, ಅದರ ಮುಂದೆ ಎಲ್ಲ ಯಂತ್ರವೂ ಜಾಣ.

ಸಾರಿನ ಪುಡಿ ಹಾಕಿದಾಗ ನಿಮಿಷಕ್ಕೆ ನಲವತ್ತು ಎಂದದ್ದು ಇಪ್ಪತ್ತಾರಕ್ಕೆ ಇಳಿಯಿತು. ನಲವತ್ತಕ್ಕೆ ಏರಿಸಿದರೆ ಪುಡಿಯ ಧೂಳು ಕೆಳಗೆ ಕೂರುವ ಮೊದಲೇ ದವಡೆ ಮುಚ್ಚುತ್ತಿತ್ತು, ಧೂಳು ಅಂಟಿನ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಕಣ್ಣಿಗೆ ಇದು ಕಾಣುವುದಿಲ್ಲ. ನನ್ನವಳು ಒಂದು ಬಕೆಟ್ ನೀರು ಕೇಳಿದಳು. ಐವತ್ತು ಪೊಟ್ಟಣವನ್ನು ಒಂದೊಂದಾಗಿ ಮುಳುಗಿಸಿ ಅಂಗೈಯಲ್ಲಿ ಒತ್ತಿದಳು. ಮೂರರಲ್ಲಿ ಕೆಳಗಿನ ಹೊಲಿಗೆಯಿಂದ ಗುಳ್ಳೆ ಬಂತು. ಇಪ್ಪತ್ತಾರರ ವೇಗದಲ್ಲಿ ಮತ್ತೆ ಐವತ್ತು ಮುಳುಗಿಸಿದಾಗ ಒಂದೂ ಬರಲಿಲ್ಲ. ಅಹಮದಾಬಾದಿನ ಜುಲೈನಲ್ಲಿ ಅಂಥ ಗುಳ್ಳೆಯ ಪೊಟ್ಟಣ ಅಂಗಡಿಯಲ್ಲಿ ಕೂತರೆ ಮೂರು ವಾರಕ್ಕೆ ಒಳಗೆ ಗಂಟು ಕಟ್ಟುತ್ತದೆ.

ಆಮೇಲೆ ತೂಕ. ಸಾಲಾಗಿ ಬಂದ ಐವತ್ತು ಪೊಟ್ಟಣವನ್ನು ನಾವು ಒಯ್ದಿದ್ದ ತಕ್ಕಡಿಯಲ್ಲಿಟ್ಟೆ. ಕಡಿಮೆಯದು 98.2 ಗ್ರಾಂ, ಹೆಚ್ಚಿನದು 103.1. ಕಾನೂನಿನ ಕಣ್ಣಲ್ಲಿ ಇದು ತಪ್ಪಲ್ಲ. ನೂರು ಗ್ರಾಂ ಪೊಟ್ಟಣ ಒಂದೊಂದರಲ್ಲಿ ನಾಲ್ಕೂವರೆ ಗ್ರಾಂವರೆಗೆ ಹೆಚ್ಚುಕಮ್ಮಿಗೆ 2011ರ ಪೊಟ್ಟಣ ಸಾಮಗ್ರಿ ನಿಯಮದಲ್ಲಿ ಅವಕಾಶವಿದೆ. ಆದರೆ ಸರಾಸರಿ ನೂರಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹಾಗಾಗಿ ಯಂತ್ರ ನಡೆಸುವವನು ಗುರಿಯನ್ನೇ 101.5ಕ್ಕೆ ಇಟ್ಟುಕೊಳ್ಳುತ್ತಾನೆ. ಆ ಒಂದೂವರೆ ಗ್ರಾಂ ನಾವು ಗಿರಾಕಿಗೆ ಪುಕ್ಕಟೆ ಕೊಡುವುದು. ನಮ್ಮ ಪುಡಿ ಕಿಲೋಗೆ 350 ರೂಪಾಯಿ ಬೀಳುತ್ತದೆ, ಅಂದರೆ ಪೊಟ್ಟಣಕ್ಕೆ 53 ಪೈಸೆ. ಮಾಸಿಯ ಚಮಚ ಅರ್ಧ ಗ್ರಾಂ ಆಚೆ ಹೋಗುವುದಿಲ್ಲ. ಅವಳ ಕೈಗೆ ಕೊಟೇಶನ್‌ನಲ್ಲಿ ಬೆಲೆ ಹಾಕಿದವರು ಯಾರೂ ಇಲ್ಲ.

ಶೇಂಗಾ ಚಟ್ನಿಪುಡಿಯ ಕಥೆ ಚಿಕ್ಕದು. ಮೊದಲ ಐದು ನಿಮಿಷ ಸರಿಯಾಗಿ ಬಂತು. ಆಮೇಲೆ ಆಗರ್‌ನ ಒತ್ತಡಕ್ಕೆ, ತಿಕ್ಕಾಟದ ಬಿಸಿಗೆ ಶೇಂಗಾದ ಎಣ್ಣೆ ಹೊರಗೆ ಬಿಡತೊಡಗಿತು. ಪುಡಿ ಸ್ಕ್ರೂವಿಗೆ ಮೆತ್ತಿಕೊಂಡಿತು, ತೂಕ ನೂರರಿಂದ ತೊಂಬತ್ತೊಂದಕ್ಕೆ ಜಾರಿತು, ಹಾಪರ್‌ನಲ್ಲಿ ಪುಡಿ ಕಮಾನಿನಂತೆ ನಿಂತುಬಿಟ್ಟಿತು. ಯಂತ್ರದವನು ಸಮಾಧಾನದಿಂದ "ಬೆನ್, ಇದಕ್ಕೆ ಬೇರೆ ಯಂತ್ರ ಬೇಕು" ಎಂದ. ಬಿಚ್ಚಿ ತೊಳೆಯಲು ಅವನ ಹುಡುಗನಿಗೆ ಒಂದೂವರೆ ಗಂಟೆ ಹಿಡಿಯಿತು. ನಾನು ಆ ಒಂದೂವರೆ ಗಂಟೆಯನ್ನು ಬರೆದುಕೊಂಡೆ.

ನಿಮಿಷಕ್ಕೆ ಇಪ್ಪತ್ತಾರು ಎಂದರೆ ಗಂಟೆಗೆ ಸಾವಿರದ ಐನೂರು ಚಿಲ್ಲರೆ. ನಮ್ಮ ಒಂಬತ್ತು ಸಾವಿರ ಪೊಟ್ಟಣಕ್ಕೆ ತಿಂಗಳಿಗೆ ಆರು ಗಂಟೆ. ನಾಲ್ಕು ಬಗೆಯನ್ನು ತಿಂಗಳಿಗೆ ಎರಡೆರಡು ಸಲ ತುಂಬಿದರೆ ಎಂಟು ಸಲ ಬಿಚ್ಚಿ ತೊಳೆಯಬೇಕು, ಅದು ಹನ್ನೆರಡು ಗಂಟೆ. ಆರು ಗಂಟೆ ಓಡುವ, ಹನ್ನೆರಡು ಗಂಟೆ ಸ್ನಾನ ಮಾಡುವ ಯಂತ್ರ. ಉಳಿದ ದಿನವೆಲ್ಲ ಅದು ಸುಮ್ಮನೆ ನಿಂತಿರುತ್ತದೆ, ಆದರೆ ಬಾಡಿಗೆ ಸುಮ್ಮನೆ ನಿಲ್ಲುವುದಿಲ್ಲ. ಈಗ ನಾವಿರುವುದು ಒಂದು ಕಟ್ಟಡದ ನೆಲಮಹಡಿಯ ಅಂಗಡಿಕೋಣೆ. ಅಲ್ಲಿ ಮೂರು ಫೇಸ್ ವಿದ್ಯುತ್ ಇಲ್ಲ, ಯಂತ್ರದ ಎತ್ತರಕ್ಕೆ ಸೂರೂ ಸಾಲದು. ಕಲೋಲ್ ಕಡೆ ಒಂದು ಶೆಡ್ಡು ನೋಡಿದ್ದೆವು, 14 ಸಾವಿರ ಬಾಡಿಗೆ. ವಾರಕ್ಕೆ ಮೂರು ದಿನ ಬರುವ ಆಪರೇಟರ್‌ಗೆ 9 ಸಾವಿರ. ಯಂತ್ರ ಏಳು ವರ್ಷ ಬಾಳುತ್ತದೆ ಎಂದರೆ ಸವಕಳಿ ತಿಂಗಳಿಗೆ 6,700. ಬಡ್ಡಿ ಸರಾಸರಿ 2,500, ರಿಪೇರಿ ಮತ್ತು ಕರೆಂಟು 2,500. ಎಲ್ಲ ಸೇರಿ 34,700. ಒಂಬತ್ತು ಸಾವಿರದಿಂದ ಭಾಗಿಸಿದರೆ 3.86. ಅದಕ್ಕೆ ಫಿಲ್ಮಿನ 1.11, ಪುಕ್ಕಟೆ ಹೋಗುವ 53 ಪೈಸೆ ಸೇರಿಸಿದರೆ ಐದೂವರೆ ರೂಪಾಯಿ. ಕೈಯಲ್ಲಿ ತುಂಬಿದರೆ ಐದು.

ಬಡ್ಡಿಯನ್ನು ಹಾಕಿದ್ದಕ್ಕೆ ಅವಳು ತಕರಾರು ಮಾಡಿದಳು. "ನಮ್ಮದೇ ದುಡ್ಡಿಗೆ ಯಾರಿಗೆ ಬಡ್ಡಿ ಕೊಡಬೇಕು?" ಕೊಡಬೇಕಾಗಿಲ್ಲ, ಆದರೆ ಬ್ಯಾಂಕಿನಲ್ಲಿ ಬರುತ್ತಿದ್ದದ್ದು ನಿಂತುಹೋಗುತ್ತದಲ್ಲ, ಅದು ಯಂತ್ರದ ತಲೆಗೇ ಹೋಗಬೇಕು. ಎಫ್‌ಡಿಯ ದರ ಹಾಕಿದರೆ ಸ್ವಲ್ಪ ಕಡಿಮೆಯಾದೀತು. ನಾನು ಸಾಲದ ದರವನ್ನೇ ಇಟ್ಟೆ. ಸಬ್ಸಿಡಿಯ ಮಾತೂ ಬಂತು. ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಇಂಥ ಕಿರು ಆಹಾರ ಘಟಕಗಳಿಗೆ ಬ್ಯಾಂಕ್ ಸಾಲದೊಂದಿಗೆ ಯಂತ್ರದ ಬೆಲೆಯ ಶೇ. 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನವಿತ್ತು. ಅದು ಸಿಕ್ಕಿತು ಎಂದೇ ಇಟ್ಟುಕೊಂಡರೂ ತಿಂಗಳಿಗೆ ಇಳಿಯುವುದು 3,200 ರೂಪಾಯಿ. ಶೆಡ್ಡಿನ ಬಾಡಿಗೆಗೂ ಆಪರೇಟರ್‌ನ ಸಂಬಳಕ್ಕೂ ಸಬ್ಸಿಡಿ ಇಲ್ಲ, ನಮ್ಮ ಖರ್ಚಿನ ದೊಡ್ಡ ಪಾಲು ಅಲ್ಲಿಯೇ ಇತ್ತು.

ಇಲ್ಲಿನ ವ್ಯಾಪಾರಿಗಳ ಜೊತೆ ಈ ಮಾತು ತೆಗೆದರೆ ಯಾರಾದರೂ ನಿರ್ಮಾದ ಉದಾಹರಣೆ ಕೊಡುತ್ತಾರೆ. ಕರ್ಸನ್‌ಭಾಯಿ ಪಟೇಲರು 1969ರಲ್ಲಿ ಇದೇ ಅಹಮದಾಬಾದಿನಲ್ಲಿ ಮನೆಯ ಹಿತ್ತಲಲ್ಲಿ ಪುಡಿ ಬೆರೆಸಿ ಸೈಕಲ್ಲಿನ ಮೇಲೆ ಮಾರಿದವರು. ನೋಡಿ, ಸ್ವಂತದ್ದು ಮಾಡಿಕೊಂಡರು, ದೊಡ್ಡವರಾದರು ಎಂದು ಹೇಳುವವರ ಧಾಟಿ. ಆದರೆ ಆ ಕಥೆಯ ಮೊದಲ ಅಧ್ಯಾಯದಲ್ಲಿ ಯಂತ್ರವೇ ಇಲ್ಲ, ಬೆರೆಸಿದ್ದೂ ತುಂಬಿದ್ದೂ ಕೈ. ಅದಕ್ಕೆ ಉತ್ತರವಾಗಿ ಹಿಂದೂಸ್ಥಾನ್ ಲಿವರ್ ವ್ಹೀಲ್ ಪುಡಿಯನ್ನು ತಂದಾಗ ಅದನ್ನು ಬೇರೆಯವರ ಘಟಕಗಳಲ್ಲಿ ಮಾಡಿಸಿತು. ಅಂದಮೇಲೆ ಈ ಉದಾಹರಣೆ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ಜನವರಿಯಲ್ಲಿ ಓಢವ್‌ನ ಒಂದು ಘಟಕಕ್ಕೆ ಹೋದೆವು. ಬೇರೆಯವರ ಮಸಾಲೆಯನ್ನು ಕೂಲಿಗೆ ತುಂಬಿಕೊಡುವುದೇ ಅವರ ಕೆಲಸ, ಇಲ್ಲಿನವರ ಮಾತಿನಲ್ಲಿ ಜಾಬ್ ವರ್ಕ್. ಹುರಿದು ಪುಡಿ ಮಾಡುವುದನ್ನೂ ತಾವೇ ಮಾಡುತ್ತೇವೆ, ಅಳತೆ ಕೊಡಿ ಸಾಕು ಎಂದರು. ಅದಕ್ಕೆ ಇವಳು ಒಪ್ಪಲಿಲ್ಲ. ಹುರಿಯುವುದು, ಪುಡಿ ಮಾಡುವುದು ನಮ್ಮ ಕೋಣೆಯಲ್ಲೇ, ಫಿಲ್ಮಿನ ರೋಲ್ ನಮ್ಮದು, ತುಂಬಿ ಮುಚ್ಚುವುದು ಮಾತ್ರ ಅವರದು ಎಂದು ಮಾತಾಯಿತು. ಪೊಟ್ಟಣಕ್ಕೆ 1.20. ಝುಂಡಾಲ್ ವೃತ್ತದಿಂದ ರಿಂಗ್ ರೋಡ್ ಹಿಡಿದು ಹೋಗಿ ಬರುವ ಟೆಂಪೋ ಬಾಡಿಗೆ ಪೊಟ್ಟಣಕ್ಕೆ 30 ಪೈಸೆ. ಹಾಪರ್‌ನಲ್ಲಿ ಉಳಿಯುವುದು, ಹೆಚ್ಚು ತೂಗುವುದು, ಶುರುವಿನಲ್ಲಿ ಹಾಳಾಗುವ ಪೊಟ್ಟಣ, ಎಲ್ಲಕ್ಕೂ ಸೇರಿಸಿ ನೂರಕ್ಕೆ ಎರಡು ಕಿಲೋ ನಷ್ಟ ಒಪ್ಪಿಕೊಳ್ಳಬೇಕು, ಅದು 70 ಪೈಸೆ. ಫಿಲ್ಮು 1.11. ಒಟ್ಟು 3.31.

ಐದು, ಐದೂವರೆ, ಮೂರು ಮೂವತ್ತೊಂದು. ಕಂಪನಿಯಲ್ಲಿ ಆಗಿದ್ದರೆ ಇಲ್ಲಿಗೆ ಕಾಗದ ಮೇಲಕ್ಕೆ ಹೋಗಿ ಸಹಿಯಾಗಿ ಬರುತ್ತಿತ್ತು. ಆದರೆ ಈ 3.31ಕ್ಕೆ ಎರಡು ಬಾಲ ಇದ್ದವು.

ಒಂದನೆಯದು ಕನಿಷ್ಠ ಪ್ರಮಾಣ. ಒಂದು ಬಗೆಯ ಪುಡಿ ಇನ್ನೂರು ಕಿಲೋಗಿಂತ ಕಡಿಮೆ ಇದ್ದರೆ ಅವರು ಯಂತ್ರ ತೊಳೆದು ಹಾಕಿಕೊಳ್ಳುವುದಿಲ್ಲ. ಇನ್ನೂರು ಕಿಲೋ ಎಂದರೆ ಎರಡು ಸಾವಿರ ಪೊಟ್ಟಣ. ಸಾಂಬಾರ್ ಪುಡಿಗೆ ಅದು ಹದಿನೈದು ದಿನದ ಮಾರಾಟ, ಸಾರಿನ ಪುಡಿಗೆ ಇಪ್ಪತ್ತು ದಿನದ್ದು, ತೊಂದರೆ ಇಲ್ಲ. ಬಿಸಿಬೇಳೆಬಾತ್‌ಗೆ ಐವತ್ತು ದಿನ. ಅದರಲ್ಲಿ ಕೊಬ್ಬರಿ ಇದೆ. ಶೇಂಗಾ ಚಟ್ನಿಪುಡಿಗೆ ಎಪ್ಪತ್ತೈದು ದಿನ. ಅದಕ್ಕೆ ನಾವು ಹಾಕುವುದೇ ಮೂರು ತಿಂಗಳ ಅವಧಿ. ಕೊನೆಯ ಪೊಟ್ಟಣ ಅಂಗಡಿಗೆ ಹೋಗುವ ಹೊತ್ತಿಗೆ ಅದಕ್ಕೆ ಹದಿನೈದು ದಿನದ ಆಯುಸ್ಸು ಉಳಿದಿರುತ್ತದೆ, ತೆರೆದರೆ ಕಮಟು ವಾಸನೆ. ಅಂಗಡಿಯವನು ತೆಗೆದುಕೊಳ್ಳುವುದಿಲ್ಲ, ತೆಗೆದುಕೊಂಡರೂ ವಾಪಸು ಕೊಡುತ್ತಾನೆ. ಯಂತ್ರವೇ ಒಲ್ಲೆ ಎಂದ ಪುಡಿ ಅದು ಹೇಗೂ. ಹಾಗಾಗಿ ಈ ಎರಡು ಬಗೆ ಕೈಯಲ್ಲೇ ಉಳಿಯಬೇಕು, ಒಟ್ಟು ಎರಡು ಸಾವಿರ ಪೊಟ್ಟಣ.

ಎರಡನೆಯ ಬಾಲ ಫಿಲ್ಮು. ಇದನ್ನು ಕೊಟೇಶನ್‌ಗಳು ಯಾವುವೂ ಹೇಳುವುದಿಲ್ಲ. ಬಣ್ಣದಲ್ಲಿ ಅಚ್ಚಾದ ರೋಲ್ ಬೇಕಾದರೆ ಪ್ರತಿ ಬಣ್ಣಕ್ಕೂ ಒಂದು ಸಿಲಿಂಡರ್ ಕೆತ್ತಿಸಬೇಕು, ನಮ್ಮ ಐದು ಬಣ್ಣಕ್ಕೆ ಐದು, ಒಂದಕ್ಕೆ 3,500. ಅಚ್ಚಿನವನು ಒಂದು ವಿನ್ಯಾಸಕ್ಕೆ 250 ಕಿಲೋಗಿಂತ ಕಡಿಮೆ ಹಾಕುವುದಿಲ್ಲ ಎಂದ. 75 ಸಾವಿರ ರೂಪಾಯಿ. 250 ಕಿಲೋದಲ್ಲಿ 67 ಸಾವಿರ ಪೊಟ್ಟಣ ಆಗುತ್ತವೆ. ಸಾರಿನ ಪುಡಿ ತಿಂಗಳಿಗೆ ಮೂರು ಸಾವಿರ ಎಂದರೆ ಆ ರೋಲ್ ಮುಗಿಯಲು ಇಪ್ಪತ್ತೆರಡು ತಿಂಗಳು ಬೇಕು. ಅಷ್ಟು ದಿನ ದುಡ್ಡು ರೋಲಿನಲ್ಲಿ ಸುತ್ತಿಕೊಂಡು ಮೂಲೆಯಲ್ಲಿ ಕೂತಿರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ತಯಾರಿಸಿದವರು ಒಬ್ಬರು, ಪೊಟ್ಟಣ ಕಟ್ಟಿದವರು ಇನ್ನೊಬ್ಬರು ಆದರೆ ಇಬ್ಬರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಅದನ್ನು ರೋಲಿನಲ್ಲೇ ಅಚ್ಚು ಹಾಕಿಸಿದರೆ, ನಾಳೆ ಆ ಘಟಕದ ಜೊತೆ ಜಗಳವಾದ ದಿನ ಉಳಿದ ಫಿಲ್ಮೆಲ್ಲ ರದ್ದಿ. ಕರಾರು ಪತ್ರದಲ್ಲಿ ತಿಂಗಳ ನೋಟಿಸು ಕೊಟ್ಟು ಬಿಡಬಹುದು ಎಂದು ಬರೆದಿರುತ್ತದೆ, ಫಿಲ್ಮು ಮಾತ್ರ ಎರಡು ವರ್ಷ ಕಟ್ಟಿಹಾಕಿರುತ್ತದೆ. ಘಟಕದವರೂ ಇದನ್ನು ಬಲ್ಲರು. ಮುಂದಿನ ವರ್ಷ ದರ ಏರಿಸುವಾಗ ಅವರ ಮನಸ್ಸಿನಲ್ಲಿ ಇರುವುದು ನಿಮ್ಮ ಮೂಲೆಯ ರೋಲೇ.

ಇದಕ್ಕೆ ದಾರಿ ಹುಡುಕಿದವಳು ಅವಳೇ. ಎರಡು ಪುಡಿಗೂ ಒಂದೇ ವಿನ್ಯಾಸ: ಮೇಲೆ ನಮ್ಮ ಗುರುತು, ನಡುವೆ ಬಿಳಿಯ ಚೌಕ. ಪುಡಿಯ ಹೆಸರು, ಪದಾರ್ಥಗಳು, ಬೆಲೆ, ದಿನಾಂಕ, ಎರಡೂ ವಿಳಾಸಗಳು ಎಲ್ಲ ಆ ಚೌಕದಲ್ಲಿ, ತುಂಬುವಾಗಲೇ ಅಲ್ಲಿನ ಥರ್ಮಲ್ ಪ್ರಿಂಟರಿನಲ್ಲಿ ಕಪ್ಪು ಅಕ್ಷರದಲ್ಲಿ ಬೀಳುತ್ತದೆ. ನೋಡಲು ಸ್ವಲ್ಪ ಬಡವಾಗಿ ಕಾಣುತ್ತದೆ. ಆದರೆ ಒಂದೇ ರೋಲ್, ಒಂದೇ ಸಾಲು ಸಿಲಿಂಡರ್. ತಿಂಗಳಿಗೆ ಏಳು ಸಾವಿರ ಪೊಟ್ಟಣಕ್ಕೆ ಹತ್ತು ತಿಂಗಳೊಳಗೆ ಮುಗಿಯುತ್ತದೆ, ಘಟಕ ಬದಲಾದರೆ ಪ್ರಿಂಟರಿನಲ್ಲಿ ಎರಡು ಸಾಲು ಬದಲಿಸಿದರೆ ಆಯಿತು.

ಹೀಗೆ ಏಳು ಸಾವಿರ ಪೊಟ್ಟಣ ಓಢವ್‌ಗೆ, ಎರಡು ಸಾವಿರ ಮಾಸಿಯ ತಕ್ಕಡಿಗೆ ಎಂದಾಯಿತು. ಪೊಟ್ಟಣಕ್ಕೆ 1.69ರಂತೆ ತಿಂಗಳಿಗೆ ಸುಮಾರು 11,800 ರೂಪಾಯಿ ಉಳಿತಾಯ. ಸೈಟಿನ ದುಡ್ಡು ಮುಟ್ಟಬೇಕಾದದ್ದು ಫಿಲ್ಮು ಸಿಲಿಂಡರ್ ಸೇರಿ 92,500 ಮಾತ್ರ. ಯಂತ್ರ ಯಾವಾಗ ಸರಿಹೋದೀತು ಎಂಬುದನ್ನೂ ಲೆಕ್ಕ ಮಾಡಿ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ. ಓಢವ್‌ನಲ್ಲಿ ಕೂಲಿ, ಟೆಂಪೋ, ನಷ್ಟ ಸೇರಿ 2.20; ಸ್ವಂತ ಯಂತ್ರದಲ್ಲಿ ಪುಕ್ಕಟೆ ಹೋಗುವ 53 ಪೈಸೆ. ವ್ಯತ್ಯಾಸ 1.67. 34,700ನ್ನು ಅದರಿಂದ ಭಾಗಿಸಿದರೆ ತಿಂಗಳಿಗೆ 21 ಸಾವಿರ ಪೊಟ್ಟಣ, ಅದೂ ಯಂತ್ರ ಒಪ್ಪುವ ಪುಡಿಗಳದೇ. ಸಬ್ಸಿಡಿ ಸಿಕ್ಕರೆ 19 ಸಾವಿರ.

ಆ ಇಪ್ಪತ್ತೊಂದು ಸಾವಿರಕ್ಕೆ ಎರಡು ಸಾವಿರ ಕಿಲೋ ಪುಡಿಯನ್ನು ಯಾರು ಹುರಿಯುತ್ತಾರೆ ಎಂದು ಕೇಳಿದ್ದು ಮಾಸಿ. ಗುಜರಾತಿಯಲ್ಲಿ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, ಯಾರಿಗೋ ಹೇಳುವಂತೆ. ಎಲ್ಲ ಕೊಟೇಶನ್‌ಗಿಂತ ದೊಡ್ಡ ಮಾತು ಅದೇ ಎಂದು ನನಗನಿಸಿತು. ನಮ್ಮ ಹುರಿಯುವ ಡ್ರಮ್ಮಿಗೆ ಒಂದು ಸಲಕ್ಕೆ ಹತ್ತು ಕಿಲೋ, ನಲವತ್ತು ನಿಮಿಷ. ಪುಡಿ ಮಾಡುವ ಯಂತ್ರವೂ ಗಂಟೆಗೆ ಹದಿನೈದು ಕಿಲೋ ಆಸುಪಾಸು. ಕಾಠ್‌ವಾಡಾದ ಯಂತ್ರ ಗಂಟೆಗೆ ನೂರೈವತ್ತು ಕಿಲೋ ನುಂಗುತ್ತದೆ. ನಮ್ಮ ಅಡುಗೆಮನೆ ಹತ್ತು ಗಂಟೆ ದುಡಿದದ್ದನ್ನು ಅದು ಒಂದು ಗಂಟೆಯಲ್ಲಿ ಮುಗಿಸಿ ಬಾಯಿ ತೆರೆದು ನಿಲ್ಲುತ್ತದೆ. ಬಿಸಿ ಪುಡಿಯನ್ನು ಅವಸರದಲ್ಲಿ ತುಂಬಲೂ ಆಗದು, ಒಳಗೆ ಬೆವರಿ ಗಂಟಾಗುತ್ತದೆ. ರಾತ್ರಿಯೆಲ್ಲ ಹರವಿ ಆರಿಸಬೇಕು. ನಮ್ಮಲ್ಲಿ ಇಕ್ಕಟ್ಟು ಇದ್ದದ್ದು ಹುರಿಯುವಲ್ಲಿ. ತುಂಬುವ ಕಡೆ ಮೂರು ಜನ ಕೂತಿದ್ದರಿಂದ ಇಕ್ಕಟ್ಟು ಅಲ್ಲಿದೆ ಎಂದು ಕಾಣುತ್ತಿತ್ತು, ಅಷ್ಟೆ.

ಆದ್ದರಿಂದ ಫೆಬ್ರವರಿಯಿಂದ ಮಾಸಿಯೂ ಇನ್ನೊಬ್ಬಳೂ ಅರ್ಧ ಹೊತ್ತು ಹುರಿಯುವ ಕಡೆಗೆ ಬಂದರು. ಎರಡನೆಯ ಡ್ರಮ್ಮು ಬಂತು, 38 ಸಾವಿರ. ಬ್ಯಾಡಗಿ ಮೆಣಸಿನಕಾಯಿ ಹಾವೇರಿಯಿಂದ ಲಾರಿಯಲ್ಲಿ ಬರುತ್ತದೆ, ಜೀರಿಗೆ ಇಲ್ಲೇ ಮೇಲಕ್ಕೆ ಊಂಝಾದಿಂದ. ಇನ್ನೂರು ಕಿಲೋ ಒಟ್ಟಿಗೆ ಕೂಡಿಸಲು ಮೂರು ನಾಲ್ಕು ದಿನ ಪುಡಿಯನ್ನು ಕಾಯಿಸಿ ಇಡಬೇಕಾಗುವುದರಿಂದ ಒಳಗೆ ದಪ್ಪ ಚೀಲ ಹಾಕಿದ ಮುಚ್ಚಳದ ಡ್ರಮ್ಮುಗಳು ಬೇಕಾದವು. ಮೂರನೆಯ ಹೆಂಗಸಿಗೆ ಹೊಗೆ ಆಗಿಬರಲಿಲ್ಲ. ಅವಳು ಮೋಟೇರಾದ ಒಂದು ಹಾಸ್ಟೆಲಿನ ಅಡುಗೆಗೆ ಸೇರಿದಳು. ನನ್ನ ಹಾಳೆಯಲ್ಲಿ ಕೂಲಿಯ ಸಾಲು ಇಳಿದದ್ದರಲ್ಲಿ ಒಂದು ಪಾಲು ಅವಳದು.

ಓಢವ್‌ನ ಮೊದಲ ಎರಡು ಕಂತು ಚೆನ್ನಾಗಿ ಬಂದವು. ಮೂರನೆಯದರಲ್ಲಿ ಮೊದಲ ಪೆಟ್ಟಿಗೆ ತೆರೆದಾಗ ನನ್ನವಳು ಮೂಗು ಚೂಪು ಮಾಡಿದಳು. ಸಾರಿನ ಪುಡಿಯ ಹಿಂದೆ ಬೆಳ್ಳುಳ್ಳಿ. ನಮಗಿಂತ ಮೊದಲು ಅವರು ಯಾರದೋ ಲಸಣ ಚಟ್ನಿ ತುಂಬಿದ್ದರು, ತೊಳೆದದ್ದು ಮೇಲೆ ಮೇಲೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂದು ಪೊಟ್ಟಣದ ಮೇಲೆ ನಂಬಿಸಿ ಜೈನರ ಮನೆಗೆ ಕಳಿಸುವ ಪುಡಿ ಅದು. ಮುನ್ನೂರು ಪೊಟ್ಟಣ ಒಡೆದು ನೋಡಿದೆವು. ವಾಸನೆ ಇದ್ದದ್ದು ಶುರುವಿನವುಗಳಲ್ಲಿ, ಆದರೂ ಆ ಕಂತನ್ನು ಅಂಗಡಿಗೆ ಕಳಿಸಲಿಲ್ಲ. ಈಗ ಕರಾರಿನಲ್ಲಿ ಎರಡು ಸಾಲು ಹೆಚ್ಚಾಗಿವೆ: ನಮ್ಮ ಪುಡಿ ಆ ದಿನದ ಮೊದಲ ಕೆಲಸವಾಗಬೇಕು, ಮೊದಲು ಐದು ಕಿಲೋ ಒಣ ರವೆ ಓಡಿಸಿ ಎಸೆಯಬೇಕು, ರವೆಯ ಖರ್ಚು ನಮ್ಮದು. ರವೆ ಮುಗಿದ ಮೇಲಿನ ಮೊದಲ ಇಪ್ಪತ್ತು ಪೊಟ್ಟಣ ಬೇರೆ ಚೀಲದಲ್ಲಿ ಬರುತ್ತವೆ, ಅವನ್ನು ಮಾರುವುದಿಲ್ಲ. ಇವಳು ಅವನ್ನು ಒಡೆದು ಮೂಸುತ್ತಾಳೆ.

ಇನ್ನೊಂದು ತೊಂದರೆ ಈ ಊರಿನ ಪಂಚಾಂಗದ್ದು. ಮಾರ್ಚ್ ಬಂತೆಂದರೆ ಗುಜರಾತಿನ ಮನೆಗಳು ವರ್ಷಕ್ಕಾಗುವಷ್ಟು ಮೆಣಸಿನಕಾಯಿ, ಅರಿಶಿನ, ಧನಿಯಾ ಪುಡಿ ಮಾಡಿಸಿ ಡಬ್ಬಿಗೆ ತುಂಬುತ್ತವೆ. ಅಲ್ಲಲ್ಲಿ ಚಪ್ಪರ ಹಾಕಿ ಮಸಾಲೆ ಬಜಾರ್ ಏಳುತ್ತದೆ, ಕಣ್ಣೆದುರೇ ಕುಟ್ಟಿಕೊಡುತ್ತಾರೆ. ಮೇ ಮುಗಿಯುವವರೆಗೆ ಓಢವ್‌ನ ಘಟಕಕ್ಕೆ ಎರಡು ಟನ್, ಮೂರು ಟನ್ ತರುವ ಗಿರಾಕಿಗಳ ಸಾಲು. ಆ ಹೊತ್ತಿನಲ್ಲಿ ಇನ್ನೂರು ಕಿಲೋದ ಕನ್ನಡದ ಸಾರಿನ ಪುಡಿಗೆ ಯಾವ ಮರ್ಯಾದೆ? ಏಪ್ರಿಲ್‌ನಲ್ಲಿ ನಮ್ಮ ಡ್ರಮ್ಮುಗಳು ಅಲ್ಲಿ ಹನ್ನೊಂದು ದಿನ ಕೂತಿದ್ದವು. ಆ ಹನ್ನೊಂದು ದಿನ ಅಂಗಡಿ ಖಾಲಿ ಬಿಡಬಾರದೆಂದು ಮಾಸಿ, ಇನ್ನೊಬ್ಬಳು ಹಾಗೂ ನನ್ನವಳು ಹಳೆಯ ಪೌಚುಗಳನ್ನು ತೆಗೆದು ರಾತ್ರಿ ಒಂಬತ್ತರವರೆಗೆ ಕೈಯಲ್ಲೇ ತುಂಬಿದರು. ಐದು ರೂಪಾಯಿಯ ಹಳೆಯ ಲೆಕ್ಕ ಆ ದಿನಗಳಲ್ಲಿ ಅಗ್ಗವಾಗಿ ಕಂಡಿತು. ಸ್ವಂತ ಯಂತ್ರ ಇದ್ದಿದ್ದರೆ ಎಂದು ಇವಳು ಒಮ್ಮೆ ಅಂದಳು, ನಾನು ಏನೂ ಹೇಳಲಿಲ್ಲ. ಆ ಮಾತೂ ಸರಿಯೇ. ಕಾಯದೆ ಇರುವುದಕ್ಕೂ ಒಂದು ಬೆಲೆ ಇದೆ, ನನ್ನ 34,700ರ ಹಾಳೆಯಲ್ಲಿ ಅದಕ್ಕೆ ಸಾಲು ಇಲ್ಲ.

ಈಗ ಮಳೆಗಾಲ. ಕಳೆದ ತಿಂಗಳು ಹನ್ನೊಂದೂವರೆ ಸಾವಿರ ಪೊಟ್ಟಣ ಹೋದವು, ಅದರಲ್ಲಿ ಒಂಬತ್ತು ಸಾವಿರ ಓಢವ್‌ನವು. ಮುಂದಿನ ಮಾರ್ಚ್‌ಗೆ ಅವಳು ಯೋಚಿಸಿರುವುದು ಹೀಗೆ: ಹೋಳಿಗೆ ಮೊದಲೇ ಸಾಂಬಾರ್ ಪುಡಿ ಎಂಟು ಸಾವಿರ ಪೊಟ್ಟಣ ತುಂಬಿಸಿ ಇಟ್ಟುಕೊಳ್ಳುವುದು, ಕೊಬ್ಬರಿ ಇಲ್ಲದ ಪುಡಿ ಅದು, ಎರಡು ತಿಂಗಳು ಕಾಯುತ್ತದೆ. ಸಾರಿನ ಪುಡಿಗೆ ಒಂದು ಸಣ್ಣ ತುಂಬುವ ಯಂತ್ರ, ಆಗರ್ ಮಾತ್ರ ಇರುವುದು, ಪೌಚನ್ನು ಕೈಯಲ್ಲಿ ಹಿಡಿಯಬೇಕು. 75 ಸಾವಿರ. ಅದಕ್ಕೆ ಮನೆಯ ಕರೆಂಟೇ ಸಾಕು, ಶೆಡ್ಡು ಬೇಡ, ಕಂಪ್ರೆಸರ್ ಬೇಡ. ಕೊಟೇಶನ್ ಬಂದಿದೆ. ಬರುವ ಶನಿವಾರ ನೋಡಲು ಹೋಗುತ್ತೇವೆ, ಡಿಕ್ಕಿಯಲ್ಲಿ ಇಪ್ಪತ್ತು ಕಿಲೋ ಪುಡಿ ಮತ್ತು ಈ ಸಲ ಒಂದು ಬಕೆಟ್ ಕೂಡ.